ಕಿತ್ತಳೆ ಬೆಕ್ಕಿನ ಲೆಕ್ಕಾಚಾರ

ಎರಡು ವರ್ಷಗಳ ಹಿಂದೆ ನಮ್ಮ ಮನೆಯ ಮಹಡಿ ಮೆಟ್ಟಿಲ ಕೆಳಗೆ ಬೀದಿಯ ಬೆಕ್ಕೊಂದು ನಾಲ್ಕು ಮರಿ ಹಾಕಿತು. ತಾಯಿಯ ಮೈಮೇಲೆ ಕಪ್ಪು ಮತ್ತು ಕಿತ್ತಳೆ ಬಣ್ಣಗಳು ಕಲಸಿಕೊಂಡಿದ್ದವು. ಮರಿಗಳಲ್ಲಿ ಎರಡು ಕಿತ್ತಳೆ ಬಣ್ಣದ ಪಟ್ಟೆಯವು, ಒಂದು ಅಚ್ಚ ಕಪ್ಪು, ಮತ್ತೊಂದು ತಾಯಿಯಂತೆ ಮಿಶ್ರವರ್ಣದ್ದು. ಕಿತ್ತಳೆ ಬೆಕ್ಕುಗಳಲ್ಲಿ ನೂರಕ್ಕೆ ಎಂಬತ್ತು ಗಂಡು ಎಂದು ಎಲ್ಲೋ ಓದಿದ್ದ ನಾನು, ಗಂಡುಮರಿಯನ್ನೇ ಬಯಸಿದ್ದ ನೆರೆಮನೆಯವರಿಗೆ ಅವುಗಳಲ್ಲೊಂದನ್ನು ಧೈರ್ಯವಾಗಿ ಕೊಟ್ಟೆ. ಎಂಟು ತಿಂಗಳ ನಂತರ ಆ 'ಗಂಡು' ಅವರ ಬಟ್ಟೆಯ ಕಪಾಟಿನಲ್ಲಿ ಮೂರು ಮರಿ ಹಾಕಿತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಇದಕ್ಕಿಂತ ದೊಡ್ಡ ಮುಖಭಂಗ ಬೇಕೆ? ತಪ್ಪಿದ್ದೆಲ್ಲಿ ಎಂದು ಹುಡುಕಲು ಹೊರಟೆ.

ಕಿತ್ತಳೆ ಬಣ್ಣದ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನ ಮೇಲೆ. ಗಂಡುಬೆಕ್ಕಿಗೆ ತಾಯಿಯಿಂದ ಬಂದ ಒಂದೇ ಎಕ್ಸ್. ತಂದೆಯಿಂದ ಬರುವುದು ವೈ. ಹೆಣ್ಣಿಗೆ ತಂದೆ ತಾಯಿಗಳಿಂದ ಒಂದೊಂದರಂತೆ ಎರಡು ಎಕ್ಸ್. ಆದ್ದರಿಂದ ಗಂಡು ಕಿತ್ತಳೆಯಾಗಲು ಒಂದು ವಂಶವಾಹಿ ಸಾಕು, ಹೆಣ್ಣಿಗೆ ಎರಡೂ ಬೇಕು. ಒಂದು ಮಾತ್ರ ಇದ್ದರೆ ಅವಳು ಮಿಶ್ರವರ್ಣದವಳಾಗುತ್ತಾಳೆ. ಏಕೆಂದರೆ ಭ್ರೂಣಾವಸ್ಥೆಯಲ್ಲೇ ಹೆಣ್ಣಿನ ಪ್ರತಿ ಜೀವಕೋಶವೂ ತನ್ನ ಎರಡು ಎಕ್ಸ್‌ಗಳಲ್ಲಿ ಒಂದನ್ನು ನಿಷ್ಕ್ರಿಯಗೊಳಿಸುತ್ತದೆ. ಉಳಿದದ್ದು ಯಾವುದೋ ಅದರಂತೆ ಆ ಭಾಗದ ಕೂದಲು ಕಪ್ಪು ಅಥವಾ ಕಿತ್ತಳೆ.

ಒಂದು ಊರಿನ ಬೆಕ್ಕುಗಳ ಎಕ್ಸ್‌ಗಳಲ್ಲಿ ಕಾಲುಭಾಗ ಕಿತ್ತಳೆಯವು ಎಂದಿಟ್ಟುಕೊಳ್ಳಿ. ಆಗ ನೂರು ಗಂಡುಗಳಲ್ಲಿ 25 ಕಿತ್ತಳೆ. ಹೆಣ್ಣುಗಳಲ್ಲಾದರೋ ಕಾಲರಲ್ಲಿ ಕಾಲು, ಅಂದರೆ ಹದಿನಾರರಲ್ಲಿ ಒಂದು. ನೂರಕ್ಕೆ ಸುಮಾರು ಆರು. ಒಟ್ಟು 31 ಕಿತ್ತಳೆ ಬೆಕ್ಕುಗಳಲ್ಲಿ 25 ಗಂಡು. ಪ್ರಸಿದ್ಧವಾದ ಶೇ 80ರ ಮೂಲ ಇದೇ. ವಂಶವಾಹಿ ಇನ್ನೂ ವಿರಳವಾದ ಊರಿನಲ್ಲಿ ಈ ಪ್ರಮಾಣ ಹೆಚ್ಚುತ್ತದೆ, ಹೇರಳವಾದಲ್ಲಿ ಇಳಿಯುತ್ತದೆ.

ಆದರೆ ಊರಿನ ಸರಾಸರಿ ಒಂದು ಮನೆಯ ನಿಯಮವಲ್ಲ. ನಮ್ಮ ಮೆಟ್ಟಿಲ ಕೆಳಗಿನ ತಾಯಿಗೆ ಒಂದು ಕಿತ್ತಳೆ ಎಕ್ಸ್, ಒಂದು ಕಪ್ಪು ಎಕ್ಸ್. ತಂದೆ ಕಪ್ಪಾಗಿದ್ದರೆ ಹೆಣ್ಣುಮರಿಗಳಿಗೆ ಅವನಿಂದ ಕಿತ್ತಳೆ ಸಿಗುವಂತಿಲ್ಲ. ಆಗ ಕಿತ್ತಳೆ ಮರಿಗಳೆಲ್ಲ ಗಂಡೇ. ತಂದೆ ಕಿತ್ತಳೆಯಾಗಿದ್ದರೋ ಗಂಡುಮರಿಗಳಲ್ಲಿ ಅರ್ಧ ಕಿತ್ತಳೆ, ಹೆಣ್ಣುಮರಿಗಳಲ್ಲೂ ಅರ್ಧ ಕಿತ್ತಳೆ, ನಿರೀಕ್ಷೆ ಸಮಸಮ. ನೆರೆಮನೆಯ ಹೆಣ್ಣು ಕಿತ್ತಳೆಯಾದದ್ದೇ ಅವಳ ತಂದೆ ಯಾರೆಂಬುದಕ್ಕೆ ಸಾಕ್ಷ್ಯ. ನಾವು ಶಂಕಿಸಿದ್ದ ಕರಿಬೆಕ್ಕು ನಿರಪರಾಧಿ. ಅವನು ಯಾವುದೋ ಕಿತ್ತಳೆ ಗಂಡು.

ಈ ವಂಶವಾಹಿಯ ಗುರುತು ಬಹುಕಾಲ ಸಿಕ್ಕಿರಲಿಲ್ಲ. 2025ರಲ್ಲಿ ಜಪಾನಿನ ಕ್ಯೂಶು ಮತ್ತು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ತಂಡಗಳು ಪ್ರತ್ಯೇಕವಾಗಿ ಅದನ್ನು ಪ್ರಕಟಿಸಿದವು. ಎಕ್ಸ್‌ನ ಮೇಲೆ ಸುಮಾರು 5,000 ಅಕ್ಷರಗಳಷ್ಟು ಡಿಎನ್‌ಎ ಕಳೆದುಹೋಗಿರುತ್ತದೆ. ಅದರ ಫಲವಾಗಿ, ಬಣ್ಣದ ಕೋಶಗಳಲ್ಲಿ ಮೌನವಾಗಿರಬೇಕಾದ ಎಆರ್‌ಎಚ್‌ಜಿಎಪಿ36 ಎಂಬ ವಂಶವಾಹಿ ಎಚ್ಚರಗೊಂಡು, ಕಪ್ಪು ವರ್ಣದ್ರವ್ಯದ ಉತ್ಪಾದನೆಯನ್ನು ತಡೆಯುತ್ತದೆ. ಕೆಂಪು ಹಳದಿಯ ದ್ರವ್ಯ ಉಳಿಯುತ್ತದೆ.

ಇನ್ನು ಪಟ್ಟೆಗಳು. ಇವುಗಳ ವಂಶವಾಹಿಗಳು ಎಕ್ಸ್‌ನ ಮೇಲಿಲ್ಲ, ಆದ್ದರಿಂದ ಗಂಡು ಹೆಣ್ಣೆಂಬ ಭೇದವಿಲ್ಲ. ಇಲ್ಲಿ ಎರಡು ಪ್ರಶ್ನೆಗಳನ್ನು ಬೇರ್ಪಡಿಸಬೇಕು: ಪಟ್ಟೆಯ ಆಕಾರವೇನು, ಅದು ಕಾಣುತ್ತದೆಯೇ? ಆಕಾರ ನಿರ್ಧಾರವಾಗುವುದು ಕೂದಲು ಬಣ್ಣ ಪಡೆಯುವ ಮೊದಲೇ, ಭ್ರೂಣದ ಚರ್ಮದಲ್ಲಿ. ಟಾಕ್‌ಪೆಪ್ ಎಂಬ ವಂಶವಾಹಿಯ ಒಂದು ಪ್ರತಿ ಸರಿಯಿದ್ದರೂ ಮೀನಿನ ಮುಳ್ಳಿನಂಥ ತೆಳುಪಟ್ಟೆಗಳು. ತಂದೆ ತಾಯಿ ಇಬ್ಬರಿಂದಲೂ ಬದಲಾದ ಪ್ರತಿಯೇ ಬಂದರೆ ಅಗಲವಾದ ಸುರುಳಿಗಳು. ಇದೇ ವಂಶವಾಹಿ ಕೆಟ್ಟ ಚೀತಾವೇ ಆಫ್ರಿಕದ 'ರಾಜಚೀತಾ' ಎಂಬುದನ್ನು 2012ರಲ್ಲಿ ಪತ್ತೆಹಚ್ಚಲಾಯಿತು. ಚುಕ್ಕೆಗಳು ಕೂಡಿ ಅದರ ಬೆನ್ನ ಮೇಲೆ ಗೆರೆಗಳಾಗಿರುತ್ತವೆ.

ಪಟ್ಟೆ ಕಣ್ಣಿಗೆ ಬೀಳುವುದು ಅಗೌಟಿ ಎಂಬ ಮತ್ತೊಂದು ವಂಶವಾಹಿಯಿಂದ. ಅದು ಪಟ್ಟೆಗಳ ನಡುವಣ ಕೂದಲನ್ನು ತಿಳಿಯಾಗಿಸುತ್ತದೆ. ಅದರ ಎರಡೂ ಪ್ರತಿಗಳು ನಿಷ್ಕ್ರಿಯವಾದ ಬೆಕ್ಕು ಅಚ್ಚ ಕಪ್ಪು. ನಮ್ಮ ಕಪ್ಪು ಮರಿ ಅಂಥದು. ಪಟ್ಟೆ ಅದರಲ್ಲಿಯೂ ಇದೆ, ಕಪ್ಪಿನಲ್ಲಿ ಮುಳುಗಿದೆ ಅಷ್ಟೇ. ಮುಂದಿನ ಪೀಳಿಗೆಗೆ ಅದನ್ನು ದಾಟಿಸಬಲ್ಲದು. ಕಿತ್ತಳೆ ಕೂದಲಿನ ಮೇಲೆ ಮಾತ್ರ ಈ ಮರೆಮಾಚುವಿಕೆ ನಡೆಯದು. ಆದಕಾರಣವೇ ಪಟ್ಟೆಯ ಛಾಯೆಯೇ ಇಲ್ಲದ ಕಿತ್ತಳೆ ಬೆಕ್ಕು ಕಾಣಸಿಗುವುದಿಲ್ಲ.

ನೆರೆಮನೆಯ ಮೂರು ಮರಿಗಳಲ್ಲಿ ಎರಡು ಕಿತ್ತಳೆ, ಒಂದು ಮಿಶ್ರವರ್ಣ. ಎರಡೂ ಎಕ್ಸ್ ಕಿತ್ತಳೆಯಾದ ತಾಯಿಯ ಗಂಡುಮಕ್ಕಳೆಲ್ಲ ಕಿತ್ತಳೆಯೇ ಆಗಬೇಕು. ಆದರೆ ಕಿತ್ತಳೆಯೆಲ್ಲ ಗಂಡೆಂದು ಈ ಸಲ ನಾನು ಹೇಳಲಿಲ್ಲ. ಬಾಲವೆತ್ತಿ ನೋಡಿದೆ: ಗುದದ್ವಾರಕ್ಕೆ ತೀರ ಹತ್ತಿರದಲ್ಲಿ ಸೀಳಿನಂತಿದ್ದರೆ ಹೆಣ್ಣು, ಸ್ವಲ್ಪ ಅಂತರದಲ್ಲಿ ದುಂಡನೆಯ ಬಿಂದುವಿದ್ದರೆ ಗಂಡು. ಎರಡೂ ಗಂಡು. ತಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದ ವೆಚ್ಚವನ್ನು, ನ್ಯಾಯವಾಗಿಯೇ, ನಾನು ಭರಿಸಿದೆ.