ಬಡಿತ ಜೋರಾದರೆ ಸೀರೆ ಗಟ್ಟಿಯಾಗುತ್ತದೆಯೇ?

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ನಡೆದರೆ ಮಗ್ಗದ ಸದ್ದು ಬಿಟ್ಟು ಬೇರೇನೂ ಕಿವಿಗೆ ಬೀಳುವುದಿಲ್ಲ. ಅಲ್ಲಿ ನೇಯ್ದ ಸೀರೆಯನ್ನು ಜಮಖಂಡಿ, ಮುಧೋಳ, ಬೀಳಗಿಯ ಅಂಗಡಿಗಳಲ್ಲಿ ಹರವಿ ನೋಡುವಾಗ ಕೊಳ್ಳುವವರು ಆಡುವ ಮಾತುಗಳಲ್ಲಿ ಕೆಲವು ತಲೆಮಾರುಗಳಿಂದ ಹಾಗೇ ಉಳಿದುಬಂದಿವೆ. ಮಗ್ಗದ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿದರೆ ಅವುಗಳಲ್ಲಿ ಹೆಚ್ಚಿನವು ನಿಲ್ಲುವುದಿಲ್ಲ.

ತಪ್ಪು ಕಲ್ಪನೆ: ಕೈಮಗ್ಗದ ನೇಯ್ಗೆಯೇ ಬೇರೆ, ಪಾವರ್‌ಲೂಮಿನ ನೇಯ್ಗೆಯೇ ಬೇರೆ.

ಎರಡರಲ್ಲೂ ನಡೆಯುವುದು ಅವೇ ಮೂರು ಕೆಲಸ. ಮೊದಲು ಹಾಸಿನ ಎಳೆಗಳಲ್ಲಿ ಒಂದು ಪಾಲು ಮೇಲೇರಿ, ಇನ್ನೊಂದು ಪಾಲು ಕೆಳಗಿಳಿದು, ನಡುವೆ ತೆರಪು ಬೀಳಬೇಕು. ಆ ತೆರಪಿನೊಳಗೆ ಲಾಳಿ ಈ ಬದಿಯಿಂದ ಆ ಬದಿಗೆ ಓಡಿ ಹೊಕ್ಕಿನ ಒಂದೆಳೆ ಬಿಡಬೇಕು. ಆಮೇಲೆ ಬಾಚಣಿಗೆಯಂತಹ ಹಣಿಗೆ ಮುಂದೆ ಬಂದು ಆ ಎಳೆಯನ್ನು ನೇಯ್ದ ಬಟ್ಟೆಗೆ ಒತ್ತಬೇಕು. ಮರುಸಲ ಮೇಲಿದ್ದ ಎಳೆ ಕೆಳಗೆ, ಕೆಳಗಿದ್ದದ್ದು ಮೇಲೆ. ಹೀಗೆ ಅದಲುಬದಲಾಗುವುದರಿಂದಲೇ ಹಿಂದಿನ ಹೊಕ್ಕು ಸಿಕ್ಕಿಕೊಂಡು ನಿಲ್ಲುತ್ತದೆ.

ಕೈಮಗ್ಗದಲ್ಲಿ ಕಾಲು ತುಳಿದು ತೆರಪು ಮಾಡುತ್ತದೆ, ಒಂದು ಕೈ ಹಗ್ಗ ಜಗ್ಗಿ ಲಾಳಿ ಓಡಿಸುತ್ತದೆ, ಇನ್ನೊಂದು ಕೈ ಹಣಿಗೆ ಎಳೆಯುತ್ತದೆ. ಹಗ್ಗ ಜಗ್ಗಿ ಲಾಳಿ ಓಡಿಸುವ ಈ ಉಪಾಯಕ್ಕೆ ಇಂಗ್ಲೆಂಡಿನ ಜಾನ್ ಕೇ 1733ರಲ್ಲಿ ಪೇಟೆಂಟ್ ಪಡೆದ. ಪಾವರ್‌ಲೂಮಿನಲ್ಲಿ ಈ ಮೂರೂ ಕೆಲಸ ಎರಡು ಉದ್ದನೆಯ ಶಾಫ್ಟುಗಳಿಗೆ ಹಂಚಿಹೋಗಿವೆ. ಮೇಲಿನ ಶಾಫ್ಟ್ ಒಂದು ಸುತ್ತು ಬಂದರೆ ಹಣಿಗೆ ಒಂದು ಸಲ ಬಡಿಯುತ್ತದೆ. ಕೆಳಗಿನದು ಅದರ ಅರ್ಧ ವೇಗದಲ್ಲಿ ತಿರುಗುತ್ತ, ಎಳೆ ಎತ್ತುವುದನ್ನೂ ಲಾಳಿಗೆ ಒಂದು ಸಲ ಎಡದಿಂದ, ಒಂದು ಸಲ ಬಲದಿಂದ ಹೊಡೆತ ಕೊಡುವುದನ್ನೂ ನೋಡಿಕೊಳ್ಳುತ್ತದೆ.

ವ್ಯತ್ಯಾಸವಿರುವುದು ಸಮಯದಲ್ಲಿ. ನಿಮಿಷಕ್ಕೆ 120 ಬಡಿತದ ಮಗ್ಗವೆಂದರೆ ಮೂರೂ ಕೆಲಸ ಅರ್ಧ ಸೆಕೆಂಡಿನಲ್ಲಿ ಮುಗಿಯಬೇಕು. ತೆರಪು ಸಾಕಷ್ಟು ಬಿಚ್ಚಿರುವುದು, ಹಣಿಗೆ ಹಿಂದಿರುವುದು ಅದರಲ್ಲೂ ಸ್ವಲ್ಪ ಹೊತ್ತು ಮಾತ್ರ. ಲಾಳಿಗೆ ದಾಟಲು ಸಿಗುವುದು ಸೆಕೆಂಡಿನ ಐದರಲ್ಲೊಂದು ಪಾಲು. ಕೈಮಗ್ಗದ ನೇಕಾರ ಲಾಳಿ ಆ ಬದಿ ಮುಟ್ಟಿದ ಸದ್ದು ಕೇಳಿ ಹಣಿಗೆ ಎಳೆಯುತ್ತಾನೆ. ಪಾವರ್‌ಲೂಮ್ ಯಾರಿಗೂ ಕಾಯುವುದಿಲ್ಲ. ಹೊಡೆತ ಕೊಡುವ ಚರ್ಮದ ಪಟ್ಟಿ ಸಡಿಲವಾಗಿ ಲಾಳಿ ತಡವಾಯಿತೆಂದರೆ ಎಳೆಗಳು ಅದರ ಮೇಲೇ ಮುಚ್ಚಿಕೊಳ್ಳುತ್ತವೆ, ಹಿಂದೆಯೇ ಹಣಿಗೆ ಬರುತ್ತದೆ. ಹಗುರ ಬಟ್ಟೆಯ ಮಗ್ಗಗಳಲ್ಲಿ ಇಂಥ ಹೊತ್ತಿಗೆ ಹಣಿಗೆಯ ಕೆಳತುದಿ ಬಿಟ್ಟುಕೊಂಡು ಹಿಂದಕ್ಕೆ ಸರಿಯುವ ಏರ್ಪಾಡಿರುತ್ತದೆ. ಅದೂ ಕೈಕೊಟ್ಟರೆ ಲಾಳಿಯ ಉದ್ದದಷ್ಟು ಜಾಗದಲ್ಲಿ ಹಾಸಿನ ಎಳೆಗಳು ಒಟ್ಟಿಗೇ ಹರಿಯುತ್ತವೆ. ಒಂದೊಂದನ್ನೂ ಹುಡುಕಿ, ಕಣ್ಣಿಗೆ ಪೋಣಿಸಿ ಗಂಟುಹಾಕುವಷ್ಟರಲ್ಲಿ ಅರ್ಧ ದಿನದ ದುಡಿಮೆ ಹೋಗಿರುತ್ತದೆ.

ತಪ್ಪು ಕಲ್ಪನೆ: ಜೋರಾಗಿ ಬಡಿದಷ್ಟೂ ಬಟ್ಟೆ ದಟ್ಟ.

ಎಲ್ಲಕ್ಕಿಂತ ಹೆಚ್ಚು ಬೇರೂರಿದ ನಂಬಿಕೆ ಇದು. ಪಾವರ್‌ಲೂಮಿನ ಮಟ್ಟಿಗೆ ಇದು ಪೂರಾ ತಪ್ಪು. ಇಂಚಿಗೆ ಎಷ್ಟು ಹೊಕ್ಕು ಕೂಡಬೇಕೆಂಬುದನ್ನು ನಿರ್ಧರಿಸುವುದು ಹಣಿಗೆಯಲ್ಲ, ನೇಯ್ದ ಬಟ್ಟೆಯನ್ನು ಎಳೆದುಕೊಳ್ಳುವ ರೋಲರ್. ಮಗ್ಗದ ಮುಂದೆ ಕೂತು ಕೆಳಗೆ ಕೈಯಾಡಿಸಿದರೆ ಅದರ ಮೈ ತರಿತರಿಯಾಗಿರುವುದು ಗೊತ್ತಾಗುತ್ತದೆ. ಬಟ್ಟೆ ಜಾರದಿರಲಿ ಎಂದು ಹಾಗೆ ಮಾಡಿರುತ್ತಾರೆ. ಹಲ್ಲಿನ ಚಕ್ರಗಳ ಸಾಲೊಂದು ಪ್ರತಿ ಹೊಕ್ಕಿಗೂ ಈ ರೋಲರನ್ನು ಅಳೆದಷ್ಟೇ ತಿರುಗಿಸುತ್ತದೆ. ಇಂಚಿಗೆ 60 ಹೊಕ್ಕು ಬೇಕಿದ್ದರೆ ಪ್ರತಿ ಸಲ ಬಟ್ಟೆ ಇಂಚಿನ ಅರವತ್ತರಲ್ಲೊಂದು ಪಾಲು, ಎಂದರೆ ಅರ್ಧ ಮಿಲಿಮೀಟರಿಗೂ ಕಡಿಮೆ, ಮುಂದೆ ಸರಿಯಬೇಕು. ದಟ್ಟ ಬಟ್ಟೆ ಬೇಕೆಂದರೆ ನೇಕಾರ ಹಲ್ಲಿನ ಚಕ್ರ ಬದಲಿಸುತ್ತಾನೆ. ಬಡಿತದ ಕೆಲಸ ಎಳೆಯನ್ನು ಅದರ ಜಾಗಕ್ಕೆ ಮುಟ್ಟಿಸುವುದು, ಅಷ್ಟೇ.

ಇದೇ ಲೆಕ್ಕ ಮುಂದುವರಿಸಿದರೆ ಐದೂವರೆ ಮೀಟರ್ ಸೀರೆಗೆ ಸುಮಾರು 13,000 ಹೊಕ್ಕು ಬೇಕು. 120ರ ವೇಗದಲ್ಲಿ ಎಲ್ಲಿಯೂ ನಿಲ್ಲದಿದ್ದರೆ ಎರಡು ಗಂಟೆಯೊಳಗೆ ಮುಗಿಯುವ ಕೆಲಸ. ಆದರೆ ಸಾದಾ ಮಗ್ಗದಲ್ಲಿ ಲಾಳಿಯೊಳಗಿನ ಕಂಡಿಕೆ ಮುಗಿದಾಗಲೆಲ್ಲ ನಿಲ್ಲಿಸಿ ಕೈಯಿಂದಲೇ ಬದಲಿಸಬೇಕು. ಹರಿದ ಎಳೆಗೆ ಗಂಟು ಹಾಕುವುದು ಬೇರೆ. ‘ಮಗ್ಗ ತಾನೇ ನೇಯುತ್ತದೆ’ ಎನ್ನುವವರು ಇದನ್ನೊಮ್ಮೆ ನೋಡಬೇಕು.

ಕೈಮಗ್ಗದಲ್ಲಿ ಬಡಿತಕ್ಕೆ ನಿಜಕ್ಕೂ ಬೆಲೆಯಿದೆ, ಆದರೆ ಜೋರಿಗಲ್ಲ, ಸಮತೂಕಕ್ಕೆ. ಅಲ್ಲಿ ಬಟ್ಟೆಯನ್ನು ಪ್ರತಿ ಹೊಕ್ಕಿಗೆ ಸುತ್ತುವುದಿಲ್ಲ, ಒಂದಿಷ್ಟು ನೇಯ್ದ ಮೇಲೆ ಸುತ್ತುತ್ತಾರೆ. ಅಲ್ಲಿಯವರೆಗೆ ನೇಯ್ದ ಭಾಗ ಬೆಳೆಯುತ್ತ ನೇಕಾರನಿಂದ ದೂರ ಸರಿಯುತ್ತಿರುತ್ತದೆ. ತೂಗಾಡುವ ಹಣಿಗೆ ಅದನ್ನು ಮುಟ್ಟುವ ಕೋನ ಬದಲಾಗುತ್ತದೆ, ಅದೇ ಕೈಬಲಕ್ಕೆ ಎಳೆ ಬೇರೆ ಬಗೆಯಲ್ಲಿ ಕೂಡುತ್ತದೆ. ಪಳಗಿದವರು ಸ್ವಲ್ಪ ಸ್ವಲ್ಪವೇ, ಮೇಲಿಂದ ಮೇಲೆ ಸುತ್ತಿಕೊಳ್ಳುವುದು ಇದಕ್ಕಾಗಿ.

ತಪ್ಪು ಕಲ್ಪನೆ: ಸೀರೆಯಲ್ಲಿ ಅಡ್ಡಗೆರೆ ಕಂಡರೆ ನೂಲು ಕಳಪೆ.

ನೂಲಿನಿಂದಲೂ ಗೆರೆ ಬೀಳಬಹುದು. ಆದರೆ ನಮ್ಮ ಕಡೆ ಹೆಚ್ಚಾಗಿ ವಿಚಾರಿಸಬೇಕಾದದ್ದು ಕರೆಂಟ್ ಯಾವಾಗ ಹೋಗಿತ್ತು ಎಂದು. ಕರೆಂಟ್ ಹೋದರೆ ಮಗ್ಗ ಎಲ್ಲಿತ್ತೋ ಅಲ್ಲೇ ನಿಲ್ಲುತ್ತದೆ, ಬಹಳ ಸಲ ತೆರಪು ಬಿಚ್ಚಿಕೊಂಡೇ. ಬಿಗಿದ ಎಳೆಗಳು ನಿಂತಲ್ಲೇ ಹಿಗ್ಗಿ, ಬಟ್ಟೆ ಮುಗಿದು ಬರಿ ಹಾಸು ಶುರುವಾಗುವ ಗೆರೆ ಕೂದಲೆಳೆಯಷ್ಟು ಸರಿಯುತ್ತದೆ. ಮತ್ತೆ ಚಾಲೂ ಮಾಡಿದಾಗ ಮೊದಲೆರಡು ಬಡಿತಗಳಿಗೆ ಪೂರ್ತಿ ವೇಗವೂ ಇರುವುದಿಲ್ಲ. ಅಲ್ಲೊಂದು ತೆಳು ಪಟ್ಟಿ ಇಲ್ಲವೇ ದಪ್ಪ ಪಟ್ಟಿ ಉಳಿದುಬಿಡುತ್ತದೆ. ಇದಕ್ಕೇ ರಾತ್ರಿ ಮಗ್ಗ ನಿಲ್ಲಿಸುವಾಗ ಎಳೆಗಳನ್ನು ಸಮಕ್ಕೆ ತಂದು, ಹಾಸಿನ ಬಿಗಿ ಸ್ವಲ್ಪ ಸಡಿಲಿಸಿ ಹೋಗುವುದು, ಬೆಳಿಗ್ಗೆ ಬಂದು ಆ ಗೆರೆಯನ್ನು ಹಣಿಗೆಗೆ ಹೊಂದಿಸಿಕೊಂಡು ಶುರುಮಾಡುವುದು.

ಗೆರೆಯಲ್ಲದೆ ಒಂದೇ ಕಡೆ ಜಾಳುಜಾಳಾಗಿ, ಹೊಕ್ಕು ಹಾಸಿಗೆ ಸಿಗದೆ ಸಡಿಲಾಗಿ ಇಳಿಬಿದ್ದಿದ್ದರೆ ಅಲ್ಲಿ ತಪ್ಪಿದ್ದು ಬಡಿತವಲ್ಲ, ತೆರಪು. ಹರಿದ ಎಳೆಯೊಂದು ಪಕ್ಕದವಕ್ಕೆ ಸುತ್ತಿಕೊಂಡು ಅವನ್ನು ಬಿಚ್ಚಿಕೊಳ್ಳಗೊಟ್ಟಿಲ್ಲ, ಲಾಳಿ ಅವುಗಳ ಮೇಲೋ ಕೆಳಗೋ ಹಾಯ್ದುಹೋಗಿದೆ. ಹೊಕ್ಕು ಹರಿದರೆ ಪಾವರ್‌ಲೂಮಿನಲ್ಲಿ ಬದಿಯಲ್ಲಿರುವ ಪುಟ್ಟ ಮುಳ್ಳು ಎಳೆ ತಾಕದ್ದನ್ನು ಅರಿತು ಮಗ್ಗ ನಿಲ್ಲಿಸುತ್ತದೆ. ಹಾಸಿನ ಎಳೆ ಹರಿದದ್ದನ್ನು ಹಳೆಯ ಸಾದಾ ಮಗ್ಗಗಳಲ್ಲಿ ಕಣ್ಣಿಂದಲೇ ಹಿಡಿಯಬೇಕು.

ತಪ್ಪು ಕಲ್ಪನೆ: ಕುಣಿಮಗ್ಗದ ಕುಣಿ ಕಾಲಿಳಿಬಿಡಲಿಕ್ಕೆ ಮಾತ್ರ.

ತುಳಿಯಲು ಕಾಲಿಗೆ ಜಾಗ ಬೇಕು ನಿಜ. ಆದರೆ ನೆಲಕ್ಕೆ ಹತ್ತಿರವಿರುವ ಹಾಸಿಗೆ ಕುಣಿಯ ತಂಪೂ ತಗಲುತ್ತದೆ. ಹತ್ತಿ ನೂಲು ತೇವದಲ್ಲಿ ಗಟ್ಟಿ, ಒಣಗಾಳಿಯಲ್ಲಿ ದುರ್ಬಲ. ಒಣಗಿದರೆ ಅದಕ್ಕೆ ಹಾಕಿದ ಗಂಜಿಯೂ ಪುಡಿಯಾಗಿ ಉದುರುತ್ತದೆ. ಹತ್ತಿ ನೇಯ್ಗೆಗೆ ಗಾಳಿಯಲ್ಲಿ ಶೇ 75-80ರಷ್ಟು ತೇವಾಂಶವಿದ್ದರೆ ಒಳ್ಳೆಯದು. ಬಾಗಲಕೋಟೆಯ ಬೇಸಿಗೆಯಲ್ಲಿ ಅದೆಲ್ಲಿಂದ ಬರಬೇಕು? ಮೇಲೇರಿ ಕೆಳಗಿಳಿಯುವಾಗಲೆಲ್ಲ ಎಳೆ ಹಿಗ್ಗಿ ತಿಕ್ಕಾಡುತ್ತದಾದ್ದರಿಂದ ಒಣಗಿದ ಹಾಸು ಮೊದಲು ಹರಿಯುವುದೂ ಆಗಲೇ.

ತಪ್ಪು ಕಲ್ಪನೆ: ಅಂಚಿನಲ್ಲಿ ಸೂಜಿತೂತು ಇದ್ದರೆ ಅದು ಕೈಮಗ್ಗದ್ದೇ.

ಹೊಕ್ಕಿನ ಸೆಳೆತಕ್ಕೆ ಬಟ್ಟೆ ಅಗಲ ಕಳೆದುಕೊಳ್ಳುತ್ತದೆ. ಹಣಿಗೆಯಷ್ಟೇ ಅಗಲ ಉಳಿಯಲೆಂದು ಕೈಮಗ್ಗದಲ್ಲಿ ತುದಿಗೆ ಮುಳ್ಳಿರುವ ಕಡ್ಡಿ ಅಡ್ಡಕ್ಕೆ ಚುಚ್ಚಿರುತ್ತಾರೆ. ಪಾವರ್‌ಲೂಮಿನಲ್ಲಿ ಎರಡೂ ಅಂಚಿಗೆ ಮುಳ್ಳಿನ ಉಂಗುರಗಳು ತಿರುಗುತ್ತ ಅದೇ ಕೆಲಸ ಮಾಡುತ್ತವೆ. ತೂತು ಎರಡರಲ್ಲೂ ಬೀಳುತ್ತದೆ. ತೂತು ಎಣಿಸುವ ಬದಲು ಸೀರೆಯನ್ನು ಬೆಳಕಿಗೆ ಹಿಡಿದು ಒಂದು ಮೊಳದುದ್ದ ಹೊಕ್ಕಿನ ದಟ್ಟಣೆ ನೋಡಬೇಕು. ಬಟ್ಟೆ ಸುತ್ತಿಕೊಂಡಲ್ಲೆಲ್ಲ ಬರುವ ಸಣ್ಣ ಏರಿಳಿತ ಕೈಮಗ್ಗದ ಗುರುತು. ನುರಿತ ಕೈಯ ನೇಯ್ಗೆಯಲ್ಲಿ ಅದೂ ಕಾಣಿಸದೆ ಹೋಗಬಹುದು. ಆಗ 2006ರಿಂದ ಚಾಲ್ತಿಯಲ್ಲಿರುವ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇದೆಯೇ ಎಂದು ಅಂಗಡಿಯವರನ್ನು ಕೇಳುವುದೇ ಸರಿ.