ಒಂದು ಲೋಟ ಹಾಲು, ಎರಡು ಚಮಚ ಮಾಲ್ಟ್ ಪುಡಿ: ಸಕ್ಕರೆ ಎಷ್ಟಾಯಿತು?

ಬೆಳಗ್ಗೆ ಸಂಘಕ್ಕೆ ಹಾಲು ಹಾಕಿ ಮನೆಗೆ ಬಂದರೆ ಮಕ್ಕಳಿಗೆ ಹಾಲು ಕುಡಿಸುವ ಕೆಲಸ ಕಾದಿರುತ್ತದೆ. ಬರೀ ಹಾಲು ಬೇಡವೆಂದು ಮುಖ ತಿರುಗಿಸುವ ಮಗು ಮಾಲ್ಟ್ ಪುಡಿ ಬೆರೆಸಿದರೆ ಗಟಗಟನೆ ಕುಡಿಯುತ್ತದೆ. ಪುಡಿಯಿಂದಲೇ ಮಗುವಿಗೆ ಶಕ್ತಿ ಬರುತ್ತದೆಂದು ನಾವೂ ಒಂದು ಚಮಚ ಹೆಚ್ಚಿಗೇ ಹಾಕುತ್ತೇವೆ. ಆ ಲೋಟದಲ್ಲಿ ಹಾಲಿನಿಂದ ಬಂದದ್ದು ಎಷ್ಟು, ಪುಡಿಯಿಂದ ಬಂದದ್ದು ಎಷ್ಟು ಎಂದು ಒಮ್ಮೆ ಲೆಕ್ಕ ಹಾಕೋಣ.

ಮೊದಲು ಹಾಲು. ಸಂಘದಲ್ಲಿ ನಿಮ್ಮ ಹಾಲಿನ ಫ್ಯಾಟ್ ಮತ್ತು ಎಸ್‌.ಎನ್‌.ಎಫ್. ನೋಡುತ್ತಾರಲ್ಲವೇ? ಎಸ್‌.ಎನ್‌.ಎಫ್. 8.5 ಎಂದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹಾಲಿನದೇ ಸಕ್ಕರೆ, ಅಂದರೆ ಲ್ಯಾಕ್ಟೋಸ್. ಉಳಿದದ್ದು ಪ್ರೋಟೀನ್ ಮತ್ತು ಲವಣಾಂಶ. ಫ್ಯಾಟ್ 3.5ರಿಂದ 4 ಇರುವ ಹಸುವಿನ ಹಾಲು 200 ಮಿಲಿ ಲೀಟರ್‌ನ ಒಂದು ಲೋಟ ಕುಡಿದರೆ ಸುಮಾರು 130 ಕ್ಯಾಲೊರಿ, 6 ಗ್ರಾಂಗೂ ಹೆಚ್ಚು ಪ್ರೋಟೀನ್ ಮತ್ತು 9 ಗ್ರಾಂನಷ್ಟು ಲ್ಯಾಕ್ಟೋಸ್ ಸಿಗುತ್ತದೆ. ಸಕ್ಕರೆ ಕಡಿಮೆ ಮಾಡಿ ಎಂದು ವೈದ್ಯರು ಹೇಳುವಾಗ ಈ ಲ್ಯಾಕ್ಟೋಸನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊರಗಿನಿಂದ ಸೇರಿಸಿದ ಸಕ್ಕರೆಯದ್ದೇ ಅವರ ಚಿಂತೆ.

ಈಗ ಪುಡಿ. ಹಲವು ಪೊಟ್ಟಣಗಳ ಮೇಲೆ ಒಂದು ಲೋಟಕ್ಕೆ 20 ಗ್ರಾಂ, ಅಂದರೆ ಟೀ ಚಮಚದಲ್ಲಿ ತುಂಬಿದ ಎರಡು ಚಮಚ ಎಂದಿರುತ್ತದೆ. ಹಿಂಬದಿಯ ಕೋಷ್ಟಕದಲ್ಲಿ 100 ಗ್ರಾಂ ಪುಡಿಗೆ 380 ಕ್ಯಾಲೊರಿ, ಸೇರಿಸಿದ ಸಕ್ಕರೆ 32 ಗ್ರಾಂ ಎಂದು ಇದೆಯೆಂದುಕೊಳ್ಳಿ. 20 ಗ್ರಾಂಗೆ ಅದರ ಐದನೇ ಒಂದು ಪಾಲು: 76 ಕ್ಯಾಲೊರಿ, ಆರೂವರೆ ಗ್ರಾಂನಷ್ಟು ಸಕ್ಕರೆ. ಹಾಲಿನದೂ ಸೇರಿ ಲೋಟಕ್ಕೆ ಸುಮಾರು 206 ಕ್ಯಾಲೊರಿ ಆಯಿತು. ಇದರ ಮೇಲೆ ರೂಢಿಯಂತೆ ಎರಡು ಚಮಚ ಸಕ್ಕರೆ ಹಾಕಿದರೆ ಇನ್ನೂ 10 ಗ್ರಾಂ ಸಕ್ಕರೆ, 40 ಕ್ಯಾಲೊರಿ ಸೇರುತ್ತದೆ. ಪುಡಿಯಲ್ಲೇ ಸಿಹಿ ಇದೆ ಎಂಬುದನ್ನು ಮರೆತು ನಾವು ಮಾಡುವ ಮೊದಲ ತಪ್ಪು ಇದು.

ಎರಡನೆಯ ತಪ್ಪು ಚಮಚದ್ದು. ಟೀ ಚಮಚದ ಬದಲು ಊಟದ ದೊಡ್ಡ ಚಮಚದಲ್ಲಿ ತುಂಬಿ ಹಾಕುತ್ತೇವೆ. ನಿಮ್ಮ ಮನೆಯ ಅಳತೆ ಎಷ್ಟೆಂದು ತಿಳಿಯಲು ತಕ್ಕಡಿ ಬೇಡ, ಪೊಟ್ಟಣ ಒಡೆದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ಸಾಕು. 20 ಗ್ರಾಂನಂತೆ ಹಾಕಿದರೆ ಅರ್ಧ ಕಿಲೋ ಪೊಟ್ಟಣ 25 ಲೋಟಕ್ಕೆ ಬರಬೇಕು. ಇಬ್ಬರು ಮಕ್ಕಳಿರುವ ಮನೆಯಲ್ಲಿ ದಿನಕ್ಕೆ ಒಬ್ಬೊಬ್ಬರಿಗೆ ಒಂದೊಂದು ಲೋಟದಂತೆ ಹನ್ನೆರಡು ದಿನ ದಾಟಬೇಕು. ಎಂಟೇ ದಿನಕ್ಕೆ ಮುಗಿದರೆ? 500 ಗ್ರಾಂ ಪುಡಿ 16 ಲೋಟಕ್ಕೆ ಹೋಗಿದೆ, ಅಂದರೆ ಲೋಟಕ್ಕೆ 31 ಗ್ರಾಂ. ಆಗ ಪುಡಿಯಿಂದಲೇ 10 ಗ್ರಾಂ ಸಕ್ಕರೆ. ಮೇಲೆ ಹಾಕಿದ ಎರಡು ಚಮಚದಿಂದ ಇನ್ನೂ 10. ಒಂದು ಲೋಟಕ್ಕೆ ಒಟ್ಟು 20 ಗ್ರಾಂ ಸಕ್ಕರೆ, ಸುಮಾರು 290 ಕ್ಯಾಲೊರಿ.

ಇದು ಹೆಚ್ಚೇ? ಏಳರಿಂದ ಒಂಬತ್ತು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,700 ಕ್ಯಾಲೊರಿ ಬೇಕು. ಸೇರಿಸಿದ ಸಕ್ಕರೆಯಿಂದ ಬರುವುದು ಅದರಲ್ಲಿ ಹತ್ತನೇ ಒಂದು ಪಾಲಿಗಿಂತ ಕಡಿಮೆ ಇರಲಿ, ಇಪ್ಪತ್ತನೇ ಒಂದು ಪಾಲಿಗೆ ಇಳಿದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗ್ರಾಂ ಲೆಕ್ಕದಲ್ಲಿ ಅದು ಕ್ರಮವಾಗಿ 42 ಮತ್ತು 21. ಬೆಳಗ್ಗೆ ಒಂದು, ಸಂಜೆ ಒಂದು ಲೋಟ ಹೀಗೆ ಕೊಟ್ಟರೆ ಬಿಸ್ಕತ್ತು, ಚಾಕೊಲೇಟು ಮುಟ್ಟುವ ಮೊದಲೇ 40 ಗ್ರಾಂ ಆಗಿಹೋಗುತ್ತದೆ.

ಪೊಟ್ಟಣ ಓದುವಾಗ ಎರಡು ಸಾಲು ಗಮನಿಸಿ. ‘ಟೋಟಲ್ ಶುಗರ್ಸ್’ ಎಂಬ ಸಾಲಿನಲ್ಲಿ ಮೊಳಕೆ ಬರಿಸಿದ ಬಾರ್ಲಿಯ ಮಾಲ್ಟೋಸ್ ಮತ್ತು ಹಾಲಿನ ಪುಡಿಯ ಲ್ಯಾಕ್ಟೋಸ್ ಕೂಡ ಸೇರಿರುತ್ತದೆ. ‘ಆಡೆಡ್ ಶುಗರ್ಸ್’ ಎಂಬುದು ಹೊರಗಿನಿಂದ ಹಾಕಿದ ಸಕ್ಕರೆ. ‘ಹಾಲಿನೊಂದಿಗೆ’ ಎಂಬ ಕಾಲಂ ಇದ್ದರೆ ಅಲ್ಲಿ ಕಾಣುವ ಪ್ರೋಟೀನಿನ ದೊಡ್ಡ ಪಾಲು ನಿಮ್ಮ ಹಸುವಿನದೇ. 100 ಗ್ರಾಂ ಪುಡಿಯಲ್ಲಿ 7 ಗ್ರಾಂ ಪ್ರೋಟೀನ್ ಇದ್ದರೆ ಎರಡು ಚಮಚದಿಂದ ಸಿಗುವುದು ಒಂದೂವರೆ ಗ್ರಾಂಗೂ ಕಡಿಮೆ. ಆದ್ದರಿಂದ ಹಾಲನ್ನೆಲ್ಲ ಡೇರಿಗೆ ಹಾಕಿ, ಅರ್ಧ ಲೋಟ ಹಾಲಿಗೆ ಅರ್ಧ ಲೋಟ ನೀರು ಬೆರೆಸಿ ಪುಡಿ ಹೆಚ್ಚಿಗೆ ಹಾಕಿದರೆ ಮಗುವಿಗೆ ಮೂರು ಗ್ರಾಂ ಪ್ರೋಟೀನ್ ನಷ್ಟ. ಅದನ್ನು ಪುಡಿ ತುಂಬಿಕೊಡುವುದಿಲ್ಲ. ಇಂಥ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ಎಂಬ ವಿಭಾಗದಲ್ಲಿಟ್ಟು ಮಾರಬಾರದೆಂದು ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಅಂಗಡಿಗಳಿಗೆ ತಿಳಿಸಿತ್ತು.

ಪುಡಿಯನ್ನು ಒಮ್ಮೆಲೇ ನಿಲ್ಲಿಸಿದರೆ ಮಗು ಹಾಲನ್ನೇ ಬಿಟ್ಟೀತು. ಮೊದಲ ವಾರ ಮೇಲಿನ ಸಕ್ಕರೆ ಒಂದು ಚಮಚಕ್ಕೆ ಇಳಿಸಿ, ಮುಂದಿನ ವಾರ ಪೂರ್ತಿ ಬಿಡಿ. ಆಮೇಲೆ ಪುಡಿಯನ್ನು ಟೀ ಚಮಚದಲ್ಲಿ ಒಂದಕ್ಕೆ ತನ್ನಿ. ಆಗ ಲೋಟದಲ್ಲಿ ಉಳಿಯುವ ಸೇರಿಸಿದ ಸಕ್ಕರೆ ಮೂರು ಗ್ರಾಂನ ಆಸುಪಾಸು. ಮನೆಯ ರಾಗಿ ಮಾಲ್ಟ್ ಕೊಡುವವರೂ ನೆನಪಿಡಿ: ಬೆಲ್ಲ ಹಾಕಿದರೆ ಅದೂ ಸಕ್ಕರೆಯ ಲೆಕ್ಕಕ್ಕೇ ಬರುತ್ತದೆ.