ಕಾರ್ಟಿನಲ್ಲೇ ಉಳಿದ ಸೀರೆಗೆ ಮೂರು ಓಲೆ

ಆನ್‌ಲೈನ್ ಅಂಗಡಿಯಲ್ಲಿ ಸಾಮಾನನ್ನು ಕಾರ್ಟಿಗೆ ಹಾಕಿದವರಲ್ಲಿ ಹೆಚ್ಚುಕಡಿಮೆ ನೂರಕ್ಕೆ ಎಪ್ಪತ್ತು ಜನ ದುಡ್ಡು ಕೊಡದೆ ಹೊರಟುಹೋಗುತ್ತಾರೆ. ಡೆನ್ಮಾರ್ಕಿನ ಬೇಮಾರ್ಡ್ ಇನ್‌ಸ್ಟಿಟ್ಯೂಟ್ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಕೊಟ್ಟಿರುವ ಸರಾಸರಿ ಇದು. ಅವರಲ್ಲಿ ಅನೇಕರು ಸುಮ್ಮನೆ ನೋಡಲು ಬಂದವರು. ಕೊಳ್ಳುವ ಮನಸ್ಸಿದ್ದೂ ಬಿಟ್ಟುಹೋದವರು ಮುಖ್ಯವಾಗಿ ಹೇಳುವ ಕಾರಣವೆಂದರೆ ಕೊನೆಯ ಪುಟದಲ್ಲಿ ದಿಢೀರನೆ ಕಾಣಿಸುವ ಸಾಗಣೆ ವೆಚ್ಚ ಮತ್ತಿತರ ಶುಲ್ಕ. ಇಂಥವರಿಗೆ ಅಂಗಡಿ ಕಳಿಸುವ ನೆನಪಿನ ಇಮೇಲ್ ಸಾಮಾನ್ಯವಾಗಿ ಮೂರು ಕಂತಿನದು: ಒಂದು ಗಂಟೆಗೆ, ಒಂದು ದಿನಕ್ಕೆ, ಮೂರು ದಿನಕ್ಕೆ.

ಹಬ್ಬದ ಮಾರಾಟದಲ್ಲಿ ಈ ಲೆಕ್ಕ ಕೈಕೊಡುತ್ತದೆ. ಇಳಕಲ್ ಸೀರೆ ಮಾರುವ ಒಂದು ಸಣ್ಣ ಅಂಗಡಿ ದೀಪಾವಳಿಗೆ ರಿಯಾಯಿತಿ ಇಟ್ಟಿದೆ, ಅದು ಭಾನುವಾರ ಮಧ್ಯರಾತ್ರಿಗೆ ಮುಗಿಯುತ್ತದೆ ಎಂದಿಟ್ಟುಕೊಳ್ಳಿ. ಶುಕ್ರವಾರ ರಾತ್ರಿ ಎಂಟೂವರೆಗೆ ಒಬ್ಬ ಗ್ರಾಹಕಿ ಚಿಕ್ಕಿ ಪರಾಸ್ ಅಂಚಿನ ಸೀರೆಯೊಂದನ್ನು ಕಾರ್ಟಿಗೆ ಹಾಕಿ, ಇಮೇಲ್ ವಿಳಾಸವನ್ನೂ ತುಂಬಿ, ಅಲ್ಲಿಗೇ ಬಿಟ್ಟರು. ಎಂದಿನ ಲೆಕ್ಕದಲ್ಲಿ ಮೂರನೆಯ ಓಲೆ ಸೋಮವಾರ ರಾತ್ರಿ ಹೋಗುತ್ತದೆ. ಅಷ್ಟರಲ್ಲಿ ಬೆಲೆ ಏರಿರುತ್ತದೆ. ‘ರಿಯಾಯಿತಿ ಇನ್ನೂ ಇದೆ’ ಎಂದು ನಂಬಿ ಒತ್ತಿದವರಿಗೆ ಹಳೆಯ ದರ ಸಿಗದಿದ್ದರೆ ಅಂಗಡಿಗೆ ಬರುವುದು ಬೈಗುಳವೇ. ಹಾಗಾಗಿ ಹಬ್ಬದಲ್ಲಿ ಮಾರಾಟ ಮುಗಿಯುವ ಗಳಿಗೆಯಿಂದ ಹಿಂದಕ್ಕೆ ಎಣಿಸಬೇಕು.

ಮೊದಲನೆಯದು ಅಂದೇ ರಾತ್ರಿ ಒಂಬತ್ತೂವರೆಗೆ. ಇದರ ಕೆಲಸ ನೆನಪಿಸುವುದಷ್ಟೇ. ವಿಷಯದ ಸಾಲು ‘ನೀವು ಆರಿಸಿದ ಇಳಕಲ್ ಸೀರೆ ಕಾರ್ಟಿನಲ್ಲಿದೆ’ ಎಂದಿದ್ದರೆ ಸಾಕು. ಉದ್ದವಾದರೆ ಮೊಬೈಲ್ ಪರದೆಯಲ್ಲಿ ಅರ್ಧಕ್ಕೇ ತುಂಡಾಗುತ್ತದೆ. ಒಳಗೆ ಸೀರೆಯ ಚಿತ್ರ, ಸಾಗಣೆಯೂ ಸೇರಿದ ಒಟ್ಟು ಬೆಲೆ, ನೇರ ಕಾರ್ಟಿಗೆ ಹೋಗುವ ಒಂದೇ ಒಂದು ಬಟನ್. ಹೆಚ್ಚಿನ ರಿಯಾಯಿತಿಯ ಆಸೆಯನ್ನು ಇಲ್ಲಿ ತೋರಿಸಬಾರದು. ಒಮ್ಮೆ ತೋರಿಸಿದರೆ ಜನ ಮುಂದಿನ ಹಬ್ಬಕ್ಕೆ ಬೇಕೆಂದೇ ಕಾರ್ಟ್ ಬಿಟ್ಟು ಕಾಯುತ್ತಾರೆ. ಹಾಗೆಯೇ ಯುಪಿಐ ಪಾವತಿ ಅರ್ಧಕ್ಕೆ ನಿಂತವರಿಗೆ ಈ ಓಲೆ ಹೊಂದದು. ಅವರ ಚಿಂತೆ ಖಾತೆಯಿಂದ ಹಣ ಹೋಯಿತೋ ಇಲ್ಲವೋ ಎಂಬುದು. ಮೊದಲು ಅದಕ್ಕೆ ಉತ್ತರ ಬೇಕು.

ಎರಡನೆಯದು ಶನಿವಾರ ಸಂಜೆ. ಮೂರರಲ್ಲಿ ಹೆಚ್ಚು ಮುತುವರ್ಜಿಯಿಂದ ಬರೆಯಬೇಕಾದದ್ದು ಇದೇ, ಆದರೆ ಬಹುತೇಕ ಅಂಗಡಿಗಳು ಮೊದಲನೆಯದನ್ನೇ ತಿರುಗಿಸಿ ಕಳಿಸುತ್ತವೆ. ಒಂದು ದಿನವಾದರೂ ಕೊಂಡಿಲ್ಲವೆಂದರೆ ಮರೆವಿಗಿಂತ ಅನುಮಾನವಿರುವ ಸಂಭವ ಹೆಚ್ಚು. ಅಂಗಡಿಗೆ ಫೋನ್ ಮಾಡಿದವರು ಪದೇಪದೇ ಕೇಳುವ ಪ್ರಶ್ನೆಗಳೇ ಇಲ್ಲಿ ಸರಕು. ಉದಾಹರಣೆಗೆ:

‘ಸೀರೆಯ ಮೈ ಹತ್ತಿ, ಸೆರಗು ರೇಷ್ಮೆ. ಕುಪ್ಪಸದ ಖಣ ಇದರ ಜೊತೆ ಬರುವುದಿಲ್ಲ, ಬೇರೆಯಾಗಿ ಕೊಳ್ಳಬೇಕು. ಭಾನುವಾರದೊಳಗೆ ಆರ್ಡರ್ ಮಾಡಿದರೆ ಬೆಂಗಳೂರಿಗೆ ಬುಧವಾರ ತಲುಪುತ್ತದೆ. ಕ್ಯಾಶ್ ಆನ್ ಡೆಲಿವರಿ ಇದೆ. ಬಣ್ಣ ಒಪ್ಪದಿದ್ದರೆ ಏಳು ದಿನದೊಳಗೆ ಬದಲಿಸಿಕೊಳ್ಳಬಹುದು.’

ಖಣ ಇಲ್ಲ ಎಂದು ಮೊದಲೇ ಹೇಳಿದರೆ ಕೆಲವರು ಕೊಳ್ಳದೆ ಹೋಗಬಹುದು. ಹೋಗಲಿ, ಸೀರೆ ವಾಪಸು ಬಂದು ಕೊರಿಯರ್ ಖರ್ಚು ಎರಡು ಪಟ್ಟಾಗುವುದಕ್ಕಿಂತ ಅದೇ ಅಗ್ಗ.

ಮೂರನೆಯದು ಭಾನುವಾರ ಸಂಜೆ ಆರಕ್ಕೆ, ನಾಲ್ಕೇ ಸಾಲು: ‘ಈ ಬೆಲೆ ಇಂದು ರಾತ್ರಿ 12ರವರೆಗೆ. ನಾಳೆಯಿಂದ ಹಳೆಯ ದರ. ಸೀರೆ ಬೇಕಿದ್ದರೆ ಕೆಳಗೆ ಒತ್ತಿ. ಬೇಡವಾದರೆ ಬಿಟ್ಟುಬಿಡಿ, ಇದರ ಬಗ್ಗೆ ಮತ್ತೆ ಬರೆಯುವುದಿಲ್ಲ.’ ಗಡುವು ನಿಜವಾಗಿರಲೇಬೇಕು. ಸೋಮವಾರವೂ ಅದೇ ಬೆಲೆ ಇಟ್ಟುಕೊಂಡು ‘ಇಂದೇ ಕೊನೆ’ ಎನ್ನುವುದು, ಗೋದಾಮಿನಲ್ಲಿ ಐವತ್ತಿದ್ದರೂ ‘ಎರಡೇ ಉಳಿದಿವೆ’ ಎನ್ನುವುದು 2023ರಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ನಿಷಿದ್ಧ. ‘ಬೇಡ, ನನಗೆ ಹಬ್ಬದ ಸಂಭ್ರಮ ಬೇಕಿಲ್ಲ’ ಎಂಬಂಥ ಬಟನ್ ಇಟ್ಟು ಗ್ರಾಹಕರನ್ನು ನಾಚಿಸುವುದೂ ಅದೇ ಪಟ್ಟಿಯಲ್ಲಿದೆ.

ಭಾನುವಾರ ಮಧ್ಯಾಹ್ನ ಕಾರ್ಟ್ ಬಿಟ್ಟವರಿಗೆ ಮೂರನ್ನೂ ಅವಸರದಲ್ಲಿ ಸುರಿಯಬೇಕಿಲ್ಲ. ಬೆಲೆ, ಗಡುವು, ತಲುಪುವ ದಿನ ಹೇಳುವ ಒಂದೇ ಓಲೆ ಸಾಕು. ಯಾರಾದರೂ ನಡುವೆ ಕೊಂಡರೆ ಅಥವಾ ಸೀರೆ ಖಾಲಿಯಾದರೆ ಸರಣಿ ತಾನಾಗಿ ನಿಲ್ಲುವಂತಿರಬೇಕು. ಕೊಂಡ ಮೇಲೂ ‘ಮರೆತಿರಾ?’ ಎಂದು ಕೇಳಿಸಿಕೊಂಡವರು ಸ್ಪ್ಯಾಮ್ ಬಟನ್ ಒತ್ತುತ್ತಾರೆ. ರಾಶಿ ಇಮೇಲ್ ಕಳಿಸುವವರ ಮೇಲಿನ ಇಂಥ ದೂರು ಶೇ 0.3 ಮುಟ್ಟಬಾರದೆಂದು ಜಿಮೇಲ್ 2024ರಿಂದ ನಿಯಮ ಮಾಡಿದೆ. ಮೀರಿದರೆ ಉಳಿದ ಗ್ರಾಹಕರಿಗೆ ಹೋಗುವ ಓಲೆಗಳೂ ಸ್ಪ್ಯಾಮಿಗೆ ಬೀಳತೊಡಗುತ್ತವೆ.

ಇಷ್ಟಾಗಿ ಇದು ಫಲ ಕೊಟ್ಟಿತೇ ಎಂದು ತಿಳಿಯುವುದು ಹೇಗೆ? ‘ಎಷ್ಟು ಜನ ತೆರೆದರು’ ಎಂಬ ಅಂಕಿಯನ್ನು ನೆಚ್ಚುವಂತಿಲ್ಲ. ಆಪಲ್ ಮೇಲ್ 2021ರಿಂದ ಓಲೆಯೊಳಗಿನ ಚಿತ್ರಗಳನ್ನು ತಾನೇ ಮೊದಲೇ ತರಿಸಿಕೊಳ್ಳುವುದರಿಂದ, ಓದದಿದ್ದರೂ ತೆರೆದಂತೆ ತೋರುತ್ತದೆ. ಕಾರ್ಟ್ ಬಿಟ್ಟವರಲ್ಲಿ ಒಂದು ಪಾಲಿಗೆ ಏನನ್ನೂ ಕಳಿಸದೆ ನೋಡುವುದು ಸರಿಯಾದ ದಾರಿ. ಓಲೆ ಹೋದ ನೂರರಲ್ಲಿ ಹನ್ನೆರಡು ಜನ ಕೊಂಡು, ಹೋಗದ ನೂರರಲ್ಲಿ ಒಂಬತ್ತು ಜನ ತಾವಾಗಿಯೇ ಬಂದರೆ, ಇಮೇಲ್ ತಂದ ಮಾರಾಟ ಹನ್ನೆರಡಲ್ಲ, ಮೂರು.